ಎಂಬತ್ತು ವಾಟ್ ಇದ್ದರೂ ಲ್ಯಾಪ್‌ಟಾಪ್ ಏಕೆ ಚಾರ್ಜ್ ಆಗುವುದಿಲ್ಲ?

ಜನವಾಡದಿಂದ ಬೀದರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನ 65 ವಾಟ್ ಚಾರ್ಜರನ್ನು ಗೆಳತಿಯ ರೂಮಿನಲ್ಲಿ ಬಿಟ್ಟು ಬಂದಿದ್ದಾಳೆ ಎಂದುಕೊಳ್ಳಿ. ಮನೆಯಲ್ಲಿ ಅಣ್ಣನ ಮೊಬೈಲ್ ಚಾರ್ಜರ್ ಇದೆ. ಅದರ ಮೇಲೆ 80 ವಾಟ್ ಎಂದೇ ಬರೆದಿದೆ. ವೈರಿನ ತುದಿ ಸಿ-ಟೈಪ್, ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಕೂರುತ್ತದೆ. ಬ್ಯಾಟರಿ ಮಾತ್ರ ಏರುವುದಿಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುವ ಅನುಭವ ಇರುವುದರಿಂದ ಮನೆಯವರ ಅನುಮಾನ ಮೊದಲು ಲೈನಿನ ಮೇಲೆ ಹೋಗುತ್ತದೆ. ಆದರೆ ಚಾರ್ಜರಿನ ಮೇಲೆ `INPUT 100-240V` ಎಂದಿದ್ದರೆ, ಸಾಕೆಟ್ಟಿನಲ್ಲಿ 170 ವೋಲ್ಟ್ ಇದ್ದರೂ ಅದು ಕೆಲಸ ಮಾಡುತ್ತದೆ. ಕಾರಣ ಬೇರೆ ಕಡೆ ಇದೆ.

ಸಿ-ಟೈಪ್ ಕಿಂಡಿಯಲ್ಲಿ ಕರೆಂಟು ಹರಿಯುವ ಪಿನ್ನುಗಳಲ್ಲದೆ ಸಿಸಿ ಎಂಬ ಸಂಪರ್ಕ ಪಿನ್ನುಗಳೂ ಇವೆ. ಲ್ಯಾಪ್‌ಟಾಪಿನೊಳಗೆ ಅವುಗಳಿಗೆ 5.1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿರುತ್ತಾರೆ. ಸಿ-ಟೈಪ್ ಕಿಂಡಿಯ ಚಾರ್ಜರ್ ಈ ರೆಸಿಸ್ಟರನ್ನು ಗುರುತಿಸಿದ ಮೇಲಷ್ಟೇ 5 ವೋಲ್ಟ್ ಬಿಡುತ್ತದೆ. ಆಮೇಲೆ ಅದೇ ಸಿಸಿ ತಂತಿಯ ಮೇಲೆ ಮಾತುಕತೆ ಶುರು. ಖಾನಾವಳಿಯಲ್ಲಿ ಬಡಿಸುವವನು ಇವತ್ತು ಏನೇನಿದೆ ಎಂದು ಹೇಳುವಂತೆ, ಚಾರ್ಜರ್ ತನ್ನಲ್ಲಿರುವ ವೋಲ್ಟೇಜುಗಳನ್ನೂ ಪ್ರತಿಯೊಂದಕ್ಕೂ ಕೊಡಬಲ್ಲ ಆಂಪಿಯರನ್ನೂ ಪಟ್ಟಿಯಾಗಿ ಕಳಿಸುತ್ತದೆ. ಲ್ಯಾಪ್‌ಟಾಪ್ ಆ ಪಟ್ಟಿಯಿಂದಲೇ ಒಂದನ್ನು ಕೇಳಬೇಕು. ಚಾರ್ಜರ್ ಒಪ್ಪಿ, ವೋಲ್ಟೇಜ್ ಏರಿಸಿ, ಸಿದ್ಧ ಎಂದು ತಿಳಿಸುತ್ತದೆ. ಎಲ್ಲವೂ ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಈ ಭಾಷೆಯ ಹೆಸರು ಪವರ್ ಡೆಲಿವರಿ. ಚಾರ್ಜರುಗಳ ಮೇಲೆ `PD` ಎಂದು ಕಾಣುವುದು ಇದೇ.

ಅಣ್ಣನ ಚಾರ್ಜರನ್ನು ತಿರುಗಿಸಿ ನೋಡಿದರೆ ಕಿಂಡಿ ಹಳೆಯ ಚಪ್ಪಟೆ ಯುಎಸ್‌ಬಿ. ಅದರಲ್ಲಿ ಸಿಸಿ ಪಿನ್ ಇಲ್ಲವೇ ಇಲ್ಲ. ಕೆಳಗಿನ ಸಣ್ಣ ಅಕ್ಷರದಲ್ಲಿ `5V 2A` ಮತ್ತು `5-11V 7.3A` ಎಂದಿದೆ. ಆ ಎರಡನೆಯ ಸಾಲಿನ 80 ವಾಟ್ ಕಂಪನಿಯದೇ ಖಾಸಗಿ ಭಾಷೆ ಬಲ್ಲ ಮೊಬೈಲಿಗೆ ಮೀಸಲು. ಲ್ಯಾಪ್‌ಟಾಪಿನ ಪಾಲಿಗೆ ಉಳಿಯುವುದು 5 ವೋಲ್ಟ್, 2 ಆಂಪಿಯರ್, ಅಂದರೆ 10 ವಾಟ್. ಅದನ್ನು ಬಹುತೇಕ ಲ್ಯಾಪ್‌ಟಾಪುಗಳು ಮುಟ್ಟುವುದೇ ಇಲ್ಲ.

ಸಿ-ಟೈಪ್ ಕಿಂಡಿಯದೇ ಆದ 25 ವಾಟ್ ಮೊಬೈಲ್ ಚಾರ್ಜರ್ ತಂದರೆ? ಮಾತುಕತೆ ನಡೆಯುತ್ತದೆ, ಆದರೆ ಪಟ್ಟಿ 9 ವೋಲ್ಟಿಗೇ ಮುಗಿಯಬಹುದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಸೆಲ್‌ಗಳು ಸಾಲಾಗಿರುತ್ತವೆ. ಮೂರು ಸೆಲ್ ತುಂಬಿದಾಗ ಸುಮಾರು 12.6 ವೋಲ್ಟ್, ನಾಲ್ಕಾದರೆ 16.8. ಒಳಗಿನ ಸರ್ಕ್ಯೂಟ್ ವೋಲ್ಟೇಜನ್ನು ಇಳಿಸಲಷ್ಟೇ ಬಲ್ಲದ್ದಾದರೆ 9 ವೋಲ್ಟಿನಿಂದ ಅವನ್ನು ತುಂಬಲಾಗದು. ಏರಿಸಬಲ್ಲ ಸರ್ಕ್ಯೂಟ್ ಇದ್ದ ಲ್ಯಾಪ್‌ಟಾಪುಗಳಲ್ಲೂ ಕೆಲವು 15 ಅಥವಾ 20 ವೋಲ್ಟ್ ಸಿಗದಿದ್ದರೆ ಬೇಡ ಎನ್ನುವಂತೆ ತಯಾರಕರೇ ನಿಗದಿ ಮಾಡಿರುತ್ತಾರೆ. ಮಾತು ಮುರಿಯುವುದು ಹೆಚ್ಚಾಗಿ ಇಲ್ಲೇ.

45 ವಾಟಿನ ಚಾರ್ಜರಿನದು ನಡುವಿನ ಸ್ಥಿತಿ. ಅದರ ಪಟ್ಟಿಯಲ್ಲಿ 20 ವೋಲ್ಟ್, 2.25 ಆಂಪಿಯರ್ ಸಾಮಾನ್ಯ. ಲ್ಯಾಪ್‌ಟಾಪ್ ಅದನ್ನೇ ಕೇಳಿ, ಜೊತೆಗೆ ಇದು ತನಗೆ ಸಾಲದು ಎಂಬ ಗುರುತನ್ನೂ ಕಳಿಸುತ್ತದೆ. ಪರದೆಯ ಮೇಲೆ ನಿಧಾನ ಚಾರ್ಜರ್ ಎಂಬ ಎಚ್ಚರಿಕೆ ಬರಬಹುದು. ಹುಡುಗಿ ನೋಟ್ಸ್ ಬರೆಯುವಾಗ ಲ್ಯಾಪ್‌ಟಾಪ್ 15 ವಾಟ್ ತಿಂದರೆ ಬ್ಯಾಟರಿಗೆ 30ರ ಹತ್ತಿರ ಸಿಗುತ್ತದೆ. ಭಾರಿ ಪ್ರೋಗ್ರಾಂ ಓಡಿಸಿ 55 ವಾಟ್ ಬೇಕಾದರೆ, ಕೊರತೆಯ 10 ವಾಟನ್ನು ಬ್ಯಾಟರಿ ಕೊಡುತ್ತದೆ. ಚಾರ್ಜರ್ ಹಾಕಿದ್ದರೂ ಶೇಕಡಾವಾರು ಇಳಿಯುವುದು ಹೀಗೆ. ವಿಂಡೋಸಿನ ಪವರ್‌ಶೆಲ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು:

```
Get-CimInstance -Namespace root/wmi -ClassName BatteryStatus
```

`ChargeRate` ಎದುರಿನ ಸಂಖ್ಯೆ ಮಿಲಿವಾಟ್‌ನಲ್ಲಿರುತ್ತದೆ. 30000 ಎಂದರೆ 30 ವಾಟ್ ಒಳಗೆ ಹೋಗುತ್ತಿದೆ. ಪ್ಲಗ್ ಹಾಕಿದ್ದರೂ `DischargeRate` ಎದುರು ಸಂಖ್ಯೆ ಕಂಡರೆ ಚಾರ್ಜರ್ ಸಾಲುತ್ತಿಲ್ಲ.

ಎರಡು ಕಿಂಡಿಯ 65 ವಾಟ್ ಚಾರ್ಜರಿನಲ್ಲೂ ಇದೇ ತೊಂದರೆ ಬರುತ್ತದೆ. ಪಕ್ಕದಲ್ಲಿ ಮೊಬೈಲ್ ಸಿಕ್ಕಿಸಿದೊಡನೆ ಅದು ಪಾಲು ಮಾಡಿ ಹೊಸ ಪಟ್ಟಿ ಕಳಿಸುತ್ತದೆ, ಲ್ಯಾಪ್‌ಟಾಪಿನ ಪಾಲು 45ಕ್ಕೆ ಇಳಿಯಬಹುದು. ಕೇಬಲ್ಲಿಗೂ ಮಿತಿಯಿದೆ: 3 ಆಂಪಿಯರ್ ಮೀರಬೇಕಾದರೆ ಅದರೊಳಗೆ ಗುರುತಿನ ಚಿಪ್ ಇರಬೇಕು. ಇಲ್ಲದಿದ್ದರೆ 100 ವಾಟಿನ ಚಾರ್ಜರ್ ಕೂಡ 20 ವೋಲ್ಟಿನಲ್ಲಿ 60 ವಾಟಿಗೆ ನಿಲ್ಲುತ್ತದೆ.

ಕಡಿಮೆ ವಾಟಿನದು ಹಾಕಿದರೆ ಲ್ಯಾಪ್‌ಟಾಪ್ ಸುಟ್ಟೀತು ಎಂಬ ಭಯ ಬೇಡ. ನಿಯಮ ಪಾಲಿಸುವ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಪರಸ್ಪರ ಒಪ್ಪಿದ್ದಕ್ಕಿಂತ ಹೆಚ್ಚು ಕೊಡುವುದೂ ಇಲ್ಲ, ಎಳೆಯುವುದೂ ಇಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ವಾಟನ್ನು ನಂಬಬೇಡಿ. ಕಿಂಡಿ ಸಿ-ಟೈಪ್ ಇದೆಯೇ, `PD` ಎಂದಿದೆಯೇ, ಸಣ್ಣ ಅಕ್ಷರದ `OUTPUT` ಸಾಲಿನಲ್ಲಿ ನಿಮ್ಮ ಹಳೆಯ ಚಾರ್ಜರಿನಲ್ಲಿರುವಷ್ಟೇ, ಉದಾಹರಣೆಗೆ `20V 3.25A`, ಇದೆಯೇ ಎಂದು ನೋಡಿಯೇ ಹಣ ಕೊಡಿ.