ಊಹಿಸಿದ ಗೆರೆ, ಸರಿಹೋದ ಲೆಕ್ಕ

30 ಸೆಂಟಿಮೀಟರ್ ಉದ್ದದ ತೆಳು ತಗಡನ್ನು ಗಾಳಿಗೆ ಅಂಚು ತೋರಿಸಿ ಹಿಡಿದಿದ್ದೇವೆ ಎನ್ನೋಣ. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್. ತಗಡಿಗೆ ತಾಗಿದ ಗಾಳಿ ಅಲ್ಲೇ ನಿಲ್ಲುತ್ತದೆ. ಕೆಲವೇ ಮಿಲಿಮೀಟರ್ ಮೇಲಕ್ಕೆ ಅದರ ವೇಗ ಪೂರ್ತಿಯಾಗಿರುತ್ತದೆ. ನಡುವಿನ ಈ ತೆಳು ಹೊದಿಕೆಯೇ ಗಡಿ ಪದರ. ಜರ್ಮನಿಯ ಬ್ಲಾಸಿಯಸ್ 1908ರಲ್ಲಿ ಇದರ ನಿಖರ ಲೆಕ್ಕ ಮಾಡಿದ್ದ. ಆದರೆ ಆ ದಾರಿ ಕಡಿದು.

1921ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಬೇರೆ ದಾರಿ ಹಿಡಿದ. ಪದರದ ಒಂದೊಂದು ಬಿಂದುವಿನಲ್ಲಿ ಏನಾಗುತ್ತದೆ ಎಂಬ ಗೊಡವೆಯೇ ಬೇಡ, ಒಟ್ಟು ಮೊತ್ತ ತಾಳೆಯಾದರೆ ಸಾಕು. ಅಂಗಡಿಯವನಿಗೆ ಗಿರಾಕಿಗಳ ಹೆಸರು ನೆನಪಿಲ್ಲದಿದ್ದರೂ ಸಂಜೆ ಗಲ್ಲಾದ ಲೆಕ್ಕ ಕೂಡಿಬರುತ್ತದಲ್ಲ, ಹಾಗೆ. ತಗಡು ಉಜ್ಜಿ ಹಿಡಿದೆಳೆಯುವ ಬಲವೆಷ್ಟೋ ಗಾಳಿ ಕಳೆದುಕೊಳ್ಳುವ ಸಂವೇಗವೂ ಅಷ್ಟೇ.

ಈ ಮೊತ್ತ ಕೂಡಿಸಲು ಪದರದೊಳಗೆ ವೇಗ ಹೇಗೆ ಏರುತ್ತದೆಂದು ತಿಳಿದಿರಬೇಕು. ತಿಳಿಯದು, ಆದ್ದರಿಂದ ಊಹಿಸುತ್ತೇವೆ. ತೀರಾ ಒರಟು ಊಹೆಯೆಂದರೆ ನೇರ ಗೆರೆ: u/U = y/δ. ಇಲ್ಲಿ δ ಎಂದರೆ ಪದರದ ದಪ್ಪ. ಆಗ ಕಳೆದುಹೋದ ಸಂವೇಗ δ/6ಕ್ಕೆ ಅನುಪಾತದಲ್ಲಿರುತ್ತದೆ, ಘರ್ಷಣೆ μU/δ ಆಗುತ್ತದೆ. ಎರಡನ್ನೂ ಸರಿದೂಗಿಸಿದರೆ δ² = 12νx/U. ಗಾಳಿಗೆ ν = 0.000015 ಚದರ ಮೀಟರ್ ಪ್ರತಿ ಸೆಕೆಂಡ್ ಎಂದಿಟ್ಟುಕೊಂಡರೆ ತಗಡಿನ ತುದಿಯಲ್ಲಿ ಪದರದ ದಪ್ಪ 2.3 ಮಿಲಿಮೀಟರ್, ಘರ್ಷಣೆ 0.077 ಪಾಸ್ಕಲ್. ನಿಖರ ಉತ್ತರ 0.089. ಇಷ್ಟು ಒರಟು ಊಹೆಗೆ ಕೊರತೆ ಬರೀ ಶೇಕಡಾ 13! ಗೋಡೆಯ ಬಳಿಯ ಇಳಿಜಾರು ಮತ್ತು ಸಂವೇಗದ ಪಾಲು, ಇವೆರಡರ ಗುಣಲಬ್ಧದ ವರ್ಗಮೂಲ ಮಾತ್ರ ಉತ್ತರಕ್ಕೆ ಸೇರುವುದರಿಂದ ತಪ್ಪು ಅರ್ಧಕ್ಕರ್ಧ ಕುಗ್ಗುತ್ತದೆ.

ಹಾಗಾದರೆ ನಯವಾಗಿ ಬಾಗಿದ ಗೆರೆ ಇನ್ನೂ ಚೆನ್ನಾಗಿ ಹೊಂದಬೇಕಲ್ಲವೇ? ಪರವಲಯ ಹಾಕಿ ನೋಡಿ: 0.098 ಬರುತ್ತದೆ, ಈ ಬಾರಿ ಶೇಕಡಾ 10 ಹೆಚ್ಚು. ಎಡವಿದ್ದು ತಗಡಿನ ಬಳಿ. ಒತ್ತಡ ಎಲ್ಲೆಡೆ ಒಂದೇ ಇರುವಾಗ ಗೋಡೆಗೆ ತಾಗಿದಲ್ಲಿ ವೇಗದ ಗೆರೆ ಬಾಗಕೂಡದು. ಪರವಲಯವೋ ಬುಡದಿಂದಲೇ ಬಾಗುತ್ತದೆ. ನೇರ ಗೆರೆ ಬುಡದಲ್ಲಿ ಬಾಗುವುದಿಲ್ಲ, ನಿಜ. ಅದರ ದೋಷ ಮೇಲ್ತುದಿಯಲ್ಲಿದೆ, ಅಲ್ಲಿ ಮೂಲೆಯಂತೆ ಮುರಿಯುತ್ತದೆ.

ಎರಡೂ ಕಡೆ ಸರಿಯಾಗಿ ಕೂರುವ ಘನ ಬಹುಪದಿ ಇದು:

u/U = (3/2)(y/δ) − (1/2)(y/δ)³

ಇದು 0.087 ಕೊಡುತ್ತದೆ, ಶೇಕಡಾ 3ರೊಳಗಿನ ಕೊರತೆ. ಹಾಗಾಗಿ ಊಹೆಯನ್ನು ಪರೀಕ್ಷಿಸಲು ಅದರ ಚೆಲುವನ್ನಲ್ಲ, ಎರಡು ತುದಿಗಳನ್ನು ನೋಡಬೇಕು.

ಇದೇ ತಗಡನ್ನು ಸುಮಾರು 75 ಸೆಂಟಿಮೀಟರಿಗಿಂತ ಉದ್ದ ಮಾಡಿದರೆ ರೆನಾಲ್ಡ್ಸ್ ಸಂಖ್ಯೆ 5 ಲಕ್ಷ ದಾಟುತ್ತದೆ. ಅಲ್ಲಿಂದಾಚೆ ಪದರ ಸುಳಿಸುಳಿಯಾಗಿ ಕದಡುವ ಸಂಭವವಿದೆ. ಕಾರ್ಮನ್‌ನ ಸಮತೋಲನ ಆಗಲೂ ನಿಲ್ಲುತ್ತದೆ. ಘನ ಬಹುಪದಿ ಮಾತ್ರ ಘರ್ಷಣೆಯನ್ನು ತೀರಾ ಕಡಿಮೆ ತೋರಿಸುತ್ತದೆ.