ಹೃದಯಾಘಾತದ ನಂತರ ಮನೆಗೆ ಹೊರಟವರಿಗೆ: ಮೊದಲ ಆರು ವಾರದ ನಡಿಗೆ

ಹಿಂದೂಪುರ, ಕಲ್ಯಾಣದುರ್ಗದ ಕಡೆಯವರು ಹೃದಯದ ಚಿಕಿತ್ಸೆಗೆ ಬೆಂಗಳೂರಿನ ಜಯದೇವಕ್ಕೋ ಪುಟ್ಟಪರ್ತಿಯ ಸತ್ಯಸಾಯಿ ಆಸ್ಪತ್ರೆಗೋ ಅನಂತಪುರಕ್ಕೋ ಹೋಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಊರಿಗೆ ಮರಳುತ್ತಾರೆ. ಕೈಯಲ್ಲಿರುವ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಒಬ್ಬರು ಮಂಚ ಬಿಟ್ಟು ಏಳಬೇಡ ಎನ್ನುತ್ತಾರೆ, ಇನ್ನೊಬ್ಬರು ದಿನಾ ಐದು ಕಿಲೋಮೀಟರ್ ನಡೆ ಎನ್ನುತ್ತಾರೆ. ಎರಡೂ ತಪ್ಪು.

ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಅದು ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಅಷ್ಟರಲ್ಲಿ ಒಮ್ಮೆಲೇ ಭಾರ ಬಿದ್ದರೆ ಹೃದಯ ತಡೆಯದು. ಹಾಗೆಂದು ಮಲಗಿಯೇ ಇದ್ದರೆ ಕಾಲಿನ ಸ್ನಾಯು ಸೊರಗಿ, ಆಮೇಲೆ ಬಚ್ಚಲಿಗೆ ಹೋಗಿ ಬಂದರೂ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ನಡೆದು ಪಳಗಿದ ಕಾಲು ರಕ್ತದಲ್ಲಿರುವ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಹೃದಯದ ಕೆಲಸ ಕಡಿಮೆಯಾಗುತ್ತದೆ.

ನಡಿಗೆ ಶುರು ಮಾಡುವ ಮುಂಚೆ ಎಕೋ ರಿಪೋರ್ಟಿನಲ್ಲಿ ಇ.ಎಫ್. ಎಂಬ ಅಂಕಿ ಎಷ್ಟಿದೆ ಎಂದು ವೈದ್ಯರನ್ನು ಕೇಳಿ. ಹೃದಯ ಒಂದು ಸಲ ಹಿಂಡಿದಾಗ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು. 40ಕ್ಕಿಂತ ಕಡಿಮೆ ಇದ್ದರೆ, ಬೈಪಾಸ್ ಆಗಿದ್ದರೆ ಅಥವಾ ಬಡಿತ ಲಯ ತಪ್ಪಿದ್ದರೆ, ಕೆಳಗೆ ಹೇಳುವ ಲೆಕ್ಕ ನಿಮಗಲ್ಲ. ನಿಮ್ಮ ವೈದ್ಯರೇ ಬೇರೆ ಲೆಕ್ಕ ಕೊಡಬೇಕು.

ಉಳಿದವರಿಗೆ ಮೊದಲ ವಾರ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಮನೆಯೊಳಗೆ ಅಥವಾ ಅಂಗಳದಲ್ಲಿ ನಡೆದರೆ ಸಾಕು. ಎರಡನೇ ವಾರ ಹತ್ತು ನಿಮಿಷ, ಮೂರನೇ ವಾರ ಹದಿನೈದು. ಹೀಗೆ ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋದರೆ ಆರನೇ ವಾರಕ್ಕೆ ಅರ್ಧ ಗಂಟೆಯಾಗುತ್ತದೆ. ಮೊದಲ ಮತ್ತು ಕೊನೆಯ ಒಂದೆರಡು ನಿಮಿಷ ನಿಧಾನವಾಗಿ ನಡೆಯಿರಿ. ನಿಗದಿತ ಸಮಯದ ಅರ್ಧಕ್ಕೇ ವಾಪಸ್ ತಿರುಗಿ. ದೂರ ಹೋಗಿ ಸುಸ್ತಾದರೆ ಮರಳುವ ದಾರಿಯೂ ನಡೆದೇ ಮುಗಿಯಬೇಕಲ್ಲ. ಒಂದು ದಿನ ಆಯಾಸವೆನಿಸಿದರೆ ಹಿಂದಿನ ವಾರದ ನಿಮಿಷಕ್ಕೆ ಇಳಿಯಿರಿ.

ವೇಗ ಎಷ್ಟಿರಬೇಕು? ಜೊತೆಗಿರುವವರ ಹತ್ತಿರ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳುವಂತಿದ್ದರೆ ಸರಿಯಾದ ವೇಗ. ಮಾತು ತುಂಡಾದರೆ ನಿಧಾನಿಸಿ. ನಾಡಿ ಎಣಿಸಿಯೂ ನೋಡಬಹುದು: ಹೆಬ್ಬೆರಳಿನ ಬುಡಕ್ಕೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕೂತಾಗ ಇದ್ದದ್ದಕ್ಕಿಂತ ಇಪ್ಪತ್ತು ಮೂವತ್ತು ಹೆಚ್ಚಿದರೆ ಈ ವಾರಗಳಿಗೆ ಅದೇ ಮಿತಿ. ಆದರೆ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ಸುಲಭಕ್ಕೆ ಏರದು. ಅವರು ನಾಡಿಗಿಂತ ಮಾತಿನ ಪರೀಕ್ಷೆಯನ್ನೇ ನಂಬಬೇಕು.

ಈ ಸೀಮೆಯ ಬಿಸಿಲನ್ನು ಮರೆಯಬೇಡಿ. ಏಪ್ರಿಲ್, ಮೇನಲ್ಲಿ ಅನಂತಪುರದ ಕಡೆ 40 ಡಿಗ್ರಿ ದಾಟುತ್ತದೆ. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ಒತ್ತಡ ಇಳಿದು ತಲೆ ಸುತ್ತುತ್ತದೆ. ಬೆಳಗ್ಗೆ ಏಳರೊಳಗೆ ಇಲ್ಲವೇ ಸೂರ್ಯ ಇಳಿದ ಮೇಲೆ ನಡೆಯಿರಿ. ಊಟವಾದ ಮೇಲೆ ಒಂದು ಗಂಟೆಯಾದರೂ ಬಿಡಿ.

ಕಲ್ಯಾಣದುರ್ಗದ ಹತ್ತಿರ ಕಡಲೆಕಾಯಿ ಬೆಳೆಯುವ 58ರ ರೈತರೊಬ್ಬರು ಎಂದಿಟ್ಟುಕೊಳ್ಳಿ. ಸ್ಟೆಂಟ್ ಆಗಿ ಮನೆಗೆ ಬಂದು ಹದಿನಾರನೇ ದಿನ. ಹದಿನೈದು ನಿಮಿಷದ ನಡಿಗೆ ಚೆನ್ನಾಗಿ ಒಗ್ಗಿದೆ. ಅಂದು ಮಧ್ಯಾಹ್ನ ಮುದ್ದೆ ಉಂಡ ತಕ್ಷಣ ಬೋರ್ ನೋಡಿ ಬರುತ್ತೇನೆಂದು ಏರುದಾರಿ ಹಿಡಿದರು. ಎಂಟನೇ ನಿಮಿಷಕ್ಕೆ ಎದೆ ನಡುವೆ ಬಿಗಿದಂತಾಯಿತು. ನಿಂತರು, ಬದುವಿನ ಮೇಲೆ ಕೂತರು. ಮೂರು ನಿಮಿಷಕ್ಕೆ ಬಿಗಿತ ಹೋಯಿತು. ತುಂಬಿದ ಹೊಟ್ಟೆ, ಬಿಸಿಲು, ಏರು ಮೂರೂ ಸೇರಿ ಹೃದಯಕ್ಕೆ ಬೇಕಾದ ರಕ್ತ ಸಾಲದೆ ಬಂದ ನೋವಿರಬಹುದು. ಹೋಯಿತಲ್ಲ ಎಂದು ಸುಮ್ಮನಿರುವಂತಿಲ್ಲ. ನಡಿಗೆ ಅಲ್ಲಿಗೇ ನಿಲ್ಲಿಸಿ, ಅದೇ ದಿನ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ ತೋರಿಸಬೇಕು. ಸ್ಟೆಂಟ್ ಕಟ್ಟಿಕೊಂಡಿರಬಹುದು, ಬೇರೆ ನಾಳದಲ್ಲಿ ಅಡ್ಡಿ ಉಳಿದಿರಬಹುದು. ಸ್ಟೆಂಟ್ ಕಟ್ಟಿಕೊಳ್ಳಲು ಮುಖ್ಯ ಕಾರಣಗಳಲ್ಲೊಂದು, ಆಸ್ಪಿರಿನ್ ಮತ್ತು ಅದರ ಜೊತೆಯ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಮಾತ್ರೆ ಬಿಟ್ಟುಬಿಡುವುದು. ಹಲ್ಲು ಕೀಳಿಸುವುದಕ್ಕೂ ಅವನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು 108ಕ್ಕೆ ಕರೆ ಮಾಡಬೇಕಾದ ನೋವು. ಕೂತಲ್ಲೇ, ಮಲಗಿದಲ್ಲೇ ಬಂದದ್ದು. ಅಥವಾ ನಿಂತರೂ ಐದು ನಿಮಿಷದಲ್ಲಿ ಇಳಿಯದ್ದು. ಎಡಗೈ, ದವಡೆ, ಬೆನ್ನಿಗೆ ಹರಿದದ್ದು. ತಣ್ಣನೆ ಬೆವರು, ವಾಂತಿ ಜೊತೆಗಿರುವುದು. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ಎಷ್ಟೋ ಸಲ ನೋವೇ ಇರುವುದಿಲ್ಲ, ಉಸಿರು ಕಟ್ಟುವುದು, ಬೆವರುವುದು, ಕಾರಣವಿಲ್ಲದ ವಿಪರೀತ ಸುಸ್ತು ಅಷ್ಟೇ ಇರುತ್ತದೆ. ಗ್ಯಾಸೆಂದು ಸೋಡಾ ಕುಡಿದು ಕಾಯುವುದರಲ್ಲಿ ಎಷ್ಟೋ ಜೀವ ಹೋಗಿವೆ. ವೈದ್ಯರು ಸಾರ್ಬಿಟ್ರೇಟ್ ಕೊಟ್ಟಿದ್ದರೆ ಕೂತುಕೊಂಡೇ ಒಂದನ್ನು ನಾಲಿಗೆ ಕೆಳಗಿಡಿ, ಏಕೆಂದರೆ ಅದು ಬಿ.ಪಿ. ಇಳಿಸುತ್ತದೆ. ಐದು ನಿಮಿಷಕ್ಕೆ ನೋವು ಹೋಗದಿದ್ದರೆ ಇನ್ನು ಕಾಯಬೇಡಿ. ವಯಾಗ್ರದಂಥ ಮಾತ್ರೆ ನುಂಗಿದವರು ಮಾತ್ರ ಸಾರ್ಬಿಟ್ರೇಟ್ ಮುಟ್ಟಕೂಡದು.

ಗಡಿಯ ಹಳ್ಳಿಗಳಲ್ಲಿ ಮೊಬೈಲ್ ಕೆಲವೊಮ್ಮೆ ಆಚೆ ರಾಜ್ಯದ ಟವರ್ ಹಿಡಿಯುತ್ತದೆ, ಎರಡೂ ಕಡೆ 108 ಇದೆ. ಹಾಗಾಗಿ ಮೊದಲು ರಾಜ್ಯ, ಜಿಲ್ಲೆ, ಮಂಡಲ, ಆಮೇಲೆ ಊರು ಹೇಳಿ. 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಅಭ್ಯಾಸದಿಂದ ಹಿಂದೂಪುರವನ್ನೂ ಅನಂತಪುರ ಜಿಲ್ಲೆ ಎನ್ನಬೇಡಿ. ನೋವಿನಲ್ಲಿ ನೂರು ಕಿಲೋಮೀಟರೋ ಅದಕ್ಕೂ ಹೆಚ್ಚೋ ದೂರದ ಬೆಂಗಳೂರಿಗೆ ನೇರ ಕಾರು ಹತ್ತುವುದೂ ಬೇಡ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಕೇ ಎಂಬುದನ್ನು ಇಸಿಜಿ ನೋಡಿದ ವೈದ್ಯರು ತೀರ್ಮಾನಿಸುತ್ತಾರೆ, ಮುಂದೆ ಎಲ್ಲಿಗೆ ಕಳಿಸಬೇಕೆಂಬುದನ್ನೂ ಅವರೇ ಹೇಳುತ್ತಾರೆ.

ಮೆಲ್ಲಗೆ ಬರುವ ಅಪಾಯವೂ ಒಂದುಂಟು: ಹೃದಯ ಸೋತು ಮೈಯಲ್ಲಿ ನೀರು ತುಂಬುವುದು. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಪಾದ ಊದುವುದು, ಎರಡು ದಿಂಬಿಲ್ಲದೆ ಮಲಗಲಾಗದಿರುವುದು ಇದರದ್ದೇ ಸೂಚನೆ. ವೈದ್ಯರಿಗೆ ತಿಳಿಸಿ. ಮಲ ಕಪ್ಪಗೆ ಹೋದರೆ ರಕ್ತ ತೆಳುವಾಗಿಸುವ ಮಾತ್ರೆಯಿಂದ ಒಳಗೆ ರಕ್ತಸ್ರಾವವಿರಬಹುದು, ಅದನ್ನೂ ತಕ್ಷಣ ತಿಳಿಸಿ.

ಭಾರ ಎತ್ತುವ ವಿಷಯದಲ್ಲಿ ಮೊದಲ ವಾರಗಳಲ್ಲಿ ಐದು ಕಿಲೋ ಮಿತಿ. ತುಂಬಿದ ಬಿಂದಿಗೆ ಅದರ ಎರಡರಷ್ಟಕ್ಕೂ ಹೆಚ್ಚು ತೂಗುತ್ತದೆ, ಕಡಲೆಕಾಯಿ ಮೂಟೆಯ ಮಾತೇ ಬೇಡ. ಬದುಕಿ ಬಂದರೆ ತಿರುಮಲೆ ಮೆಟ್ಟಿಲು ಹತ್ತುತ್ತೇನೆಂದು ಹರಕೆ ಹೊತ್ತವರು ಈ ಸೀಮೆಯಲ್ಲಿ ಬಹಳ. ಅಲಿಪಿರಿ ದಾರಿಯಲ್ಲಿ ಮೆಟ್ಟಿಲು 3,550. ಹೃದಯದ ತೊಂದರೆ ಇರುವವರು ಕಾಲ್ನಡಿಗೆಯಲ್ಲಿ ಹತ್ತಬಾರದೆಂದು ದೇವಸ್ಥಾನದವರೇ ಸೂಚನೆ ಕೊಡುತ್ತಾರೆ. ಹರಕೆ ತೀರಿಸಲೇಬೇಕೆಂದರೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಬನ್ನಿ.