ಹುಡುಕಿದರೆ ಸಿಗುವ ಹೆಸರು

ಮೊಬೈಲಿನಲ್ಲಿ ‘ತಿಥಿ’ ಎಂದು ಬರೆದು ಹುಡುಕಿದರೆ ರಾಮ್ ರೆಡ್ಡಿಯವರ ಸಿನಿಮಾದ ಜೊತೆಗೆ ಪಂಚಾಂಗವೂ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ Tithi ಎಂದು ಬರೆದರೂ ಅದೇ ಪಾಡು, ಏಕೆಂದರೆ ಉತ್ತರ ಭಾರತದವರು ಏಕಾದಶಿ, ಅಮಾವಾಸ್ಯೆಗಳ ಲೆಕ್ಕ ನೋಡುವಾಗ ಬರೆಯುವುದೇ ಹಾಗೆ. ಸಿನಿಮಾದವರು ಇಟ್ಟುಕೊಂಡದ್ದು Thithi. ‘ತ’ ಅಕ್ಷರಕ್ಕೂ th ಬರೆಯುವುದು ದಕ್ಷಿಣದವರ ರೂಢಿ. ಆ ಒಂದು ಅಕ್ಷರ ಪಂಚಾಂಗವನ್ನು ಪಕ್ಕಕ್ಕೆ ಸರಿಸಿ ಸಿನಿಮಾವನ್ನು ಮುಂದೆ ತರುತ್ತದೆ.

‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಥಿಯೇಟರುಗಳಿಗೆ ಬಂದ ಪೂರ್ಣಾವಧಿ ಚಿತ್ರ. ಹೆಸರು ಕೈಕೊಟ್ಟರೂ ಸುದ್ದಿ ಕೈಹಿಡಿಯುತ್ತಿತ್ತು. ಉಪೇಂದ್ರ 1998ರಲ್ಲಿ ‘A’ ಎಂಬ ಒಂದೇ ಅಕ್ಷರವನ್ನು ಚಿತ್ರಕ್ಕೆ ಹೆಸರಾಗಿಟ್ಟರು; 2010ರ ಚಿತ್ರಕ್ಕಂತೂ ಅಕ್ಷರವೇ ಇರಲಿಲ್ಲ, ಪೋಸ್ಟರಿನಲ್ಲಿ ಇದ್ದದ್ದು ಬೆರಳುಗಳ ಮುದ್ರೆ. ನೋಡಿದವರು ಅದನ್ನು ‘ಸೂಪರ್’ ಎಂದು ಓದಿಕೊಂಡರು. ಗೋಡೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಆದರೆ ಬೆರಳಿನ ಮುದ್ರೆಯನ್ನು ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಲಾಗದು.

ಕಿರುಚಿತ್ರಕ್ಕೆ ಗೋಡೆಯೂ ಇಲ್ಲ, ಥಿಯೇಟರೂ ಇಲ್ಲ. ಚಿತ್ರೋತ್ಸವದಲ್ಲಿ ಒಂದೆರಡು ಪ್ರದರ್ಶನ ಕಂಡು, ಆಮೇಲೆ ಯೂಟ್ಯೂಬಿನಲ್ಲಿ ನೆಲೆಸುತ್ತದೆ. ಯಾರೋ ಚಹಾ ಕುಡಿಯುತ್ತಾ ‘ನೋಡಿ, ಚೆನ್ನಾಗಿದೆ’ ಎಂದು ಹೆಸರು ಹೇಳುತ್ತಾರೆ. ಕೇಳಿದವರು ರಾತ್ರಿ ಮನೆಯಲ್ಲಿ ಅದನ್ನು ನೆನಪಿನಿಂದ ಬರೆಯುತ್ತಾರೆ. ಮೊದಲ ಪರದೆಯಲ್ಲಿ ಸಿಗದಿದ್ದರೆ ಬೇರೆ ಏನನ್ನೋ ನೋಡುತ್ತಾರೆ. ಪೋಸ್ಟರ್ ಕೇಳುವುದು ಚಿಕ್ಕದಾದ, ಏನನ್ನೋ ಬಚ್ಚಿಟ್ಟುಕೊಂಡ ಮಾತು. ಹುಡುಕಾಟ ಕೇಳುವುದು ಬೇರೆ ಯಾರ ಬಳಿಯೂ ಇಲ್ಲದ ಮಾತು. ‘ಮಳೆ’, ‘ಬೆಳಕು’, ‘ಮೌನ’ದಂಥ ಹೆಸರುಗಳು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತವೆ.

ಎರಡನ್ನೂ ಒಟ್ಟಿಗೆ ಸಾಧಿಸಿದ ಕನ್ನಡ ಕಿರುಚಿತ್ರ ಒಂದಿದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿದಾನಂದ ನಾಯ್ಕ್ ಮಾಡಿದ ಈ ಚಿತ್ರ 2024ರ ಕಾನ್ ಉತ್ಸವದಲ್ಲಿ, ವಿದ್ಯಾರ್ಥಿ ಚಿತ್ರಗಳ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಪಡೆಯಿತು. ಕೋಳಿಯನ್ನು ಅಜ್ಜಿ ಎತ್ತಿಕೊಂಡು ಹೋದಳು, ಊರಿಗೆ ಬೆಳಗಾಗಲೇ ಇಲ್ಲ ಎಂಬ ನಮ್ಮ ಜನಪದ ಕಥೆಯೇ ಅದರ ಬೇರು. ‘ಅಜ್ಜಿಯ ಕೋಳಿ’ ಎಂದಿಟ್ಟಿದ್ದರೆ ಮಕ್ಕಳ ಕಥೆಗಳ ರಾಶಿಯಲ್ಲಿ ಅದೂ ಒಂದಾಗುತ್ತಿತ್ತು. ಜಗತ್ತು ಈ ಚಿತ್ರವನ್ನು ಗುರುತಿಸಿದ್ದು Sunflowers Were the First Ones to Know ಎಂಬ ಪೂರ್ತಿ ವಾಕ್ಯದಿಂದ. ಸೂರ್ಯ ಬಾರದಿದ್ದರೆ ಅದು ಮೊದಲು ತಿಳಿಯುವುದು ಸೂರ್ಯಕಾಂತಿಗೇ. ಓದಿದವರಿಗೆ ‘ಏನು ತಿಳಿಯಿತು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಅದೇ ಪೋಸ್ಟರಿನ ಕೆಲಸ. ಏಳು ಪದ ನೆನಪಿರದವರೂ ‘ಸನ್‌ಫ್ಲವರ್ಸ್ ಕನ್ನಡ ಶಾರ್ಟ್ ಫಿಲ್ಮ್’ ಎಂದು ಬರೆದು ಅಲ್ಲಿಗೆ ತಲುಪಬಹುದು. ಆದರೆ ಉದ್ದದ ಹೆಸರಿನ ಕಷ್ಟ ಮೊಬೈಲಿನಲ್ಲಿದೆ. ಹೆಬ್ಬೆರಳಿನಷ್ಟು ಅಗಲದ ಚಿತ್ರದ ಮೇಲೆ ಏಳು ಪದ ಓದಲಾಗುವುದಿಲ್ಲ.

ಇನ್ನೂ ಹೆಸರಿಡದ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಹದಿನೆಂಟು ನಿಮಿಷದ ಕಥೆ. ಪಂಪ್‌ಸೆಟ್ಟಿಗೆ ರಾತ್ರಿ ಎರಡು ಗಂಟೆಗೆ ಕರೆಂಟು ಕೊಡುತ್ತಾರೆಂದು ವಯಸ್ಸಾದ ಗಂಡ ಹೆಂಡತಿ ಹೊಲದ ಶೆಡ್ಡಿನಲ್ಲಿ ಕಾದು ಕೂತಿದ್ದಾರೆ. ಕರೆಂಟು ಬಂದಾಗ ಗಂಡನಿಗೆ ನಿದ್ದೆ ಹತ್ತಿದೆ. ಹೆಂಡತಿ ಎಬ್ಬಿಸದೆ ತಾನೇ ಎದ್ದು ಹೋಗಿ ಮೋಟರು ಹಾಕುತ್ತಾಳೆ.

ಮೊದಲು ಹೊಳೆಯುವ ಹೆಸರು ‘ಕಾಯುವಿಕೆ’. ಇದು ಕಥೆಯ ಸಾರಾಂಶ, ಕಥೆಯೊಳಗಿನ ಮಾತಲ್ಲ. ಆ ಶೆಡ್ಡಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ನೀರು’ ಎಂದಿಟ್ಟರೆ ಬೋರ್‌ವೆಲ್ಲು, ಡ್ಯಾಮಿನ ಮಟ್ಟ, ಆರೋಗ್ಯದ ಸಲಹೆ ಎಲ್ಲವೂ ಮುಂದೆ ನಿಲ್ಲುತ್ತವೆ. ‘ರಾತ್ರಿ ಎರಡರ ಕರೆಂಟು’ ಸ್ವಂತದ್ದು, ಕಿವಿಗೂ ಹಿತ. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಬೇಕು: ratri, rathri, raatri; ಮುಂದೆ eradara ಅಥವಾ yeradara; ಕೊನೆಗೆ current ಅಥವಾ karentu. ಮೂರು, ಎರಡು, ಎರಡು ಗುಣಿಸಿದರೆ ಹನ್ನೆರಡು ಬಗೆ. ಕನ್ನಡದ ಹೆಸರನ್ನೂ ಇಂಗ್ಲಿಷ್ ಕೀಲಿಮಣೆಯಲ್ಲೇ ಬರೆಯುವವರು ಬಹಳ ಮಂದಿ ಇರುವಾಗ ಈ ಲೆಕ್ಕವನ್ನು ಬಿಡುವಂತಿಲ್ಲ.

ಕಥೆಯ ಒಳಗೇ ಒಂದು ಮಾತಿದೆ. ರೈತರು ಇದನ್ನು ಕರೆಂಟು ಎನ್ನುವುದಕ್ಕಿಂತ ಹೆಚ್ಚಾಗಿ ‘ತ್ರೀ ಫೇಸ್’ ಎನ್ನುತ್ತಾರೆ, ಏಕೆಂದರೆ ಮನೆಯ ದೀಪ ಉರಿಸುವ ಸಿಂಗಲ್ ಫೇಸಿನಲ್ಲಿ ಅವರ ಮೋಟರು ಓಡುವುದಿಲ್ಲ. ನಡುರಾತ್ರಿ ಹೊಲದಿಂದ ಹೊಲಕ್ಕೆ ಕೂಗಿ ಹೇಳುವ ಸುದ್ದಿಯೂ ಅದೇ: ‘ತ್ರೀ ಫೇಸ್ ಬಂತು’. ಹಳ್ಳಿಯವರಿಗೆ ಕೇಳಿದ ಕೂಡಲೇ ಎದ್ದು ನಿಲ್ಲಬೇಕೆನಿಸುವ ಮಾತು, ಪಟ್ಟಣದವರಿಗೆ ಒಗಟು. ‘ತ್ರೀ ಫೇಸ್’ ಒಂದನ್ನೇ ಹುಡುಕಿದರೆ ವೈರಿಂಗ್ ಪಾಠಗಳು ಬರುತ್ತವೆ, ‘ಬಂತು’ ಎಂಬುದು ಎಲ್ಲೆಲ್ಲೂ ಇದೆ; ಎರಡೂ ಜೊತೆಗೆ ಹೆಸರಾಗಿ ನಿಲ್ಲುವುದು ಅಪರೂಪ. ಹೆಸರಿನ ಮೊದಲೆರಡು ಪದಗಳ ಇಂಗ್ಲಿಷ್ ಕಾಗುಣಿತ ಎಲ್ಲರಿಗೂ ಒಂದೇ. ಮೂರನೆಯದನ್ನು bantu ಎಂದು ಬರೆದರೆ ಆಫ್ರಿಕಾದ ಬಾಂಟು ಭಾಷೆಗಳ ಜೊತೆ ಗೊಂದಲವಾಗುತ್ತದೆ. ಆದ್ದರಿಂದ banthu. ‘ತಿಥಿ’ಯ ಪಾಠ ಇಲ್ಲಿಯೂ ಉಪಯೋಗಕ್ಕೆ ಬಂತು.

ಇದನ್ನು ಪರೀಕ್ಷಿಸುವ ದಾರಿ ಸರಳ. ಕಥೆ ಗೊತ್ತಿಲ್ಲದ ಐದಾರು ಜನರಿಗೆ ಫೋನಿನಲ್ಲಿ ಹೆಸರು ಹೇಳಿ, ಮರುದಿನ ಅವರವರ ಮೊಬೈಲಿನಲ್ಲಿ ಬರೆದು ಕಳಿಸಲು ಕೇಳಬೇಕು. ಈ ಹೆಸರಿನ ದೌರ್ಬಲ್ಯ ಅಲ್ಲಿ ಗೊತ್ತಾಗುತ್ತದೆ: ಪಟ್ಟಣದ ಕಿವಿಗೆ ‘ಫೇಸ್’ ಎಂದರೆ ಮುಖ, ಹಾಗಾಗಿ ಯಾರಾದರೂ three face ಎಂದು ಬರೆಯುವುದು ಸಹಜ. ಕನ್ನಡದಲ್ಲಿ ಬರೆಯುವವರು ‘ಥ್ರೀ ಫೇಸ್’ ಎಂದೋ ‘ತ್ರಿಫೇಸ್’ ಎಂದೋ ಬರೆಯಬಹುದು. ಹುಡುಕಾಟದಲ್ಲಿ ಟ್ಯಾಗುಗಳ ಪಾತ್ರ ತೀರಾ ಚಿಕ್ಕದು, ಜನ ತಪ್ಪಾಗಿ ಬರೆಯುವ ಹೆಸರುಗಳಿಗೆ ಮಾತ್ರ ಅವು ಉಪಯುಕ್ತ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಈ ಮೂರೂ ರೂಪಗಳು ಹೋಗಬೇಕಾದ ಜಾಗ ಅದೇ. ಆರರಲ್ಲಿ ನಾಲ್ವರು face ಎಂದು ಬರೆದರೆ ಮಾತ್ರ ಹೆಸರನ್ನೇ ಬಿಡಬೇಕಾಗುತ್ತದೆ. ಟ್ಯಾಗಿನಿಂದ ಅಷ್ಟು ದೊಡ್ಡ ತೂತು ಮುಚ್ಚುವುದಿಲ್ಲ.

ಪೋಸ್ಟರಿನ ಮೇಲೆ ಕಲಾವಿದರು ಬಿಡಿಸಿದ ಅಕ್ಷರ ಎಷ್ಟೇ ಸೊಗಸಾಗಿದ್ದರೂ ಅದು ಚಿತ್ರವೇ. ಅದನ್ನು ನೋಡಿ ಯೂಟ್ಯೂಬಿನ ಹುಡುಕಾಟ ಹೆಸರು ಹಿಡಿಯುತ್ತದೆಂದು ನಂಬಿ ಕೂರುವಂತಿಲ್ಲ; ಅಪ್‌ಲೋಡ್ ಮಾಡುವಾಗ ಹೆಸರನ್ನು ಯೂನಿಕೋಡಿನಲ್ಲಿ ಟೈಪ್ ಮಾಡಲೇಬೇಕು. ಒತ್ತಕ್ಷರಗಳದ್ದು ಇನ್ನೊಂದು ತೊಡಕು. ‘ತ್ರೀ’ ಅಕ್ಷರದ ಒತ್ತು ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತದೆ. ಆದ್ದರಿಂದ ‘ತ್ರೀ ಫೇಸ್’ ಮೇಲೆ ಚಿಕ್ಕದಾಗಿ, ಒತ್ತೇ ಇಲ್ಲದ ‘ಬಂತು’ ಕೆಳಗೆ ದೊಡ್ಡದಾಗಿ ನಿಂತರೆ ಮೊಬೈಲಿನಲ್ಲೂ ಓದಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಹೆಸರು ಸ್ವಂತ ಆಸ್ತಿಯಾಗುವುದಿಲ್ಲ. 2011ರ ಹಿಂದಿ ಚಿತ್ರ ‘ದೇಸಿ ಬಾಯ್ಸ್’ ಕುರಿತ ಮೊಕದ್ದಮೆಯಲ್ಲಿ, ಅದೇ ಹೆಸರಿನ ಕಥಾಸಾರಾಂಶ ಮೊದಲೇ ಬರೆದಿದ್ದೆನೆಂದು ಲೇಖಕರೊಬ್ಬರು ದೂರಿದ್ದರು. ಹೆಸರಿಗಷ್ಟೇ ಕಾಪಿರೈಟ್ ಇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ನಾಳೆ ದೊಡ್ಡ ಸಿನಿಮಾವೊಂದು ಅದೇ ಹೆಸರಿಟ್ಟುಕೊಂಡರೆ ಕಿರುಚಿತ್ರ ಹುಡುಕಾಟದಲ್ಲಿ ಕೆಳಗಿಳಿಯುವುದು ಖಚಿತ. ಆಗ ನೆರವಿಗೆ ಬರುವುದು ಹೆಸರಿನ ಪಕ್ಕದಲ್ಲಿ ಟೈಪ್ ಮಾಡಿದ ಉಳಿದ ಮಾತುಗಳು. ಯೂಟ್ಯೂಬ್ ಶೀರ್ಷಿಕೆಗೆ ನೂರು ಅಕ್ಷರ ಕೊಡುತ್ತದೆ. ಮೊಬೈಲಿನಲ್ಲಿ ಕೊನೆ ಕತ್ತರಿಸಿಹೋಗುವುದರಿಂದ ಕನ್ನಡದ ಹೆಸರು ಮೊದಲಿರಬೇಕು:

```
ತ್ರೀ ಫೇಸ್ ಬಂತು | Three Phase Banthu | Kannada Short Film
```